ಮೊದಲ ಮನೆಯಲ್ಲಿ 2: ನಿಂತಂತೆ ಕಂಡ ಒಂದು ಸುಡೊಕು ಪ್ರೋಗ್ರಾಂನ ಪ್ರಕರಣ ಅಧ್ಯಯನ

ಅಲ್ಗಾರಿದಮ್ ಲ್ಯಾಬ್‌ನಲ್ಲಿ ಬ್ಯಾಕ್‌ಟ್ರ್ಯಾಕಿಂಗ್ ಭಾಗಕ್ಕೆ ಬಂದಾಗ ನಮ್ಮ ವಿದ್ಯಾರ್ಥಿಗಳು ಮೊದಲು N ರಾಣಿಗಳ ಪ್ರೋಗ್ರಾಂ ಬರೆಯುತ್ತಾರೆ, ಅದು ಸರಿಯಾಗಿ ಓಡಿದ ಮೇಲೆ ಅದೇ ಚೌಕಟ್ಟನ್ನು ಇಟ್ಟುಕೊಂಡು ಸುಡೊಕು ಬಿಡಿಸುವ ಪ್ರೋಗ್ರಾಂಗೆ ಹೋಗುತ್ತಾರೆ. ನಾನು ಇಲ್ಲಿ ವಿವರಿಸುತ್ತಿರುವ ಪ್ರಕರಣ ಈ ಎರಡನೆಯ ಹಂತದಲ್ಲಿ ನಡೆದದ್ದು. ಇಬ್ಬರು ವಿದ್ಯಾರ್ಥಿನಿಯರು ಜೊತೆಯಾಗಿ ಪೈಥಾನ್‌ನಲ್ಲಿ ಬರೆದ ಸುಡೊಕು ಪ್ರೋಗ್ರಾಂ, ಅವರು ಪತ್ರಿಕೆಗಳಿಂದ ತಂದಿದ್ದ ಎಲ್ಲ ಸಮಸ್ಯೆಗಳನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸಿತ್ತು. ಆಮೇಲೆ ನಾನು ಕೊಟ್ಟ ಒಂದು ಸಮಸ್ಯೆಯ ಮೇಲೆ ಅದು ಹಲವು ನಿಮಿಷ ಓಡಿದರೂ ಉತ್ತರ ಕೊಡಲಿಲ್ಲ. "ಸರ್, ಎಲ್ಲೋ ಇನ್‌ಫಿನಿಟ್ ಲೂಪ್ ಆಗಿದೆ, ಆದರೆ ಎಲ್ಲಿ ಅಂತ ಗೊತ್ತಾಗ್ತಿಲ್ಲ" ಎಂದು ಅವರು ಬಂದರು. ಲೂಪ್ ಎಲ್ಲಿಯೂ ಇರಲಿಲ್ಲ, ಕೋಡ್‌ನಲ್ಲಿ ತಪ್ಪೂ ಇರಲಿಲ್ಲ. ಹಾಗಿದ್ದರೆ ಏನಾಗಿತ್ತು ಎಂಬುದನ್ನು ಹಂತ ಹಂತವಾಗಿ ನೋಡುವುದು ಈ ಬರಹದ ಉದ್ದೇಶ.

ಆ ಸಮಸ್ಯೆಯನ್ನು ಮೊದಲು ಕೊಟ್ಟುಬಿಡುತ್ತೇನೆ. ಚುಕ್ಕಿ ಇರುವಲ್ಲಿ ಮನೆ ಖಾಲಿ ಎಂದರ್ಥ.

```
. . . | . . . | . . .
. . . | . . 3 | . 8 5
. . 1 | . 2 . | . . .
------+-------+------
. . . | 5 . 7 | . . .
. . 4 | . . . | 1 . .
. 9 . | . . . | . . .
------+-------+------
5 . . | . . . | . 7 3
. . 2 | . 1 . | . . .
. . . | . 4 . | . . 9
```

ಇದರಲ್ಲಿ ಕೊಟ್ಟಿರುವ ಅಂಕೆಗಳು 17. ಉತ್ತರ ಒಂದೇ ಒಂದು ಇರಬೇಕಾದರೆ ಕನಿಷ್ಠ 17 ಅಂಕೆಗಳನ್ನಾದರೂ ಕೊಡಬೇಕು ಎಂಬುದನ್ನು ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವಾಯರ್ ಅವರ ತಂಡ 2012ರಲ್ಲಿ ಕಂಪ್ಯೂಟರಿನ ಸಂಪೂರ್ಣ ಹುಡುಕಾಟದ ಮೂಲಕ ತೋರಿಸಿತು. ಆದರೆ ಇಲ್ಲಿ ತೊಂದರೆ ಕೊಟ್ಟದ್ದು ಅಂಕೆಗಳು ಕಡಿಮೆ ಇರುವುದೊಂದೇ ಅಲ್ಲ. ಮೊದಲ ಅಡ್ಡಸಾಲು ಪೂರ್ತಿ ಖಾಲಿ ಇದೆ, ಮತ್ತು ಉತ್ತರದಲ್ಲಿ ಆ ಸಾಲು 987654321 ಎಂದು ಬರುತ್ತದೆ. ಇಡೀ ಪ್ರಕರಣ ಈ ಎರಡು ಸಂಗತಿಗಳ ಸುತ್ತ ನಿಂತಿದೆ.

ಪ್ರೋಗ್ರಾಂ ನಿಂತಿದೆಯೋ ಅಥವಾ ನಡೆಯುತ್ತಿದೆಯೋ ಎಂದು ತಿಳಿಯಲು ನಾವು ಮಾಡಿದ್ದು ತೀರಾ ಸಣ್ಣ ಕೆಲಸ. ಮೊದಲ ಮನೆಯ ಅಂಕೆ ಬದಲಾದಾಗಲೆಲ್ಲ ಅದನ್ನು ತೆರೆಯ ಮೇಲೆ ಅಚ್ಚು ಮಾಡಿಸಿದೆವು, ಜೊತೆಗೆ ಅಲ್ಲಿಯವರೆಗೆ ಎಷ್ಟು ಬಾರಿ ಫಂಕ್ಷನ್ ಕರೆಯಲಾಗಿದೆ ಎಂಬ ಎಣಿಕೆಯನ್ನೂ ಸೇರಿಸಿದೆವು. ತೆರೆಯ ಮೇಲೆ 2 ಎಂದು ಬಂತು. ಬಹಳ ಹೊತ್ತು ಬೇರೇನೂ ಬರಲಿಲ್ಲ, ಎಣಿಕೆ ಮಾತ್ರ ಏರುತ್ತಾ ಹೋಯಿತು. ಆಮೇಲೆ 3 ಎಂದು ಬಂತು. ಇನ್‌ಫಿನಿಟ್ ಲೂಪ್ ಆಗಿದ್ದರೆ ಆ 3 ಬರುತ್ತಲೇ ಇರಲಿಲ್ಲ. ಪ್ರೋಗ್ರಾಂ ಮೊದಲ ಮನೆಯಲ್ಲಿ 2 ಇಟ್ಟರೆ ಏನೇನು ಸಾಧ್ಯವೋ ಅದನ್ನೆಲ್ಲ ಪ್ರಾಮಾಣಿಕವಾಗಿ ನೋಡಿ ಮುಗಿಸಿ, ಒಂದೂ ಕೂಡಿಬರದೆ, ಹಿಂದಕ್ಕೆ ಬಂದು 3 ಇಟ್ಟಿತ್ತು. ಅಂದರೆ ಬ್ಯಾಕ್‌ಟ್ರ್ಯಾಕಿಂಗ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಆಗ ಅವರಲ್ಲೊಬ್ಬರು ಕೇಳಿದ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸಿತು: ರಾಣಿಗಳ ಪ್ರೋಗ್ರಾಂನಲ್ಲಿ ಇದೇ ವಿಧಾನ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಹೇಗೆ? ಅದಕ್ಕೆ ಉತ್ತರ ಹುಡುಕಲು ನಾವು ಸುಡೊಕುವನ್ನು ಬದಿಗಿಟ್ಟು ರಾಣಿಗಳ ಬಳಿಗೆ ಮರಳಿದೆವು.

ಎಂಟು ರಾಣಿಗಳ ಸಮಸ್ಯೆಯನ್ನು 1848ರಲ್ಲಿ ಮ್ಯಾಕ್ಸ್ ಬೆಝೆಲ್ ಎಂಬ ಜರ್ಮನಿಯ ಚೆಸ್ ಆಟಗಾರ ಮುಂದಿಟ್ಟ: 8×8 ಹಲಗೆಯ ಮೇಲೆ ಎಂಟು ರಾಣಿಗಳನ್ನು, ಯಾವುದೇ ಇಬ್ಬರು ಒಂದೇ ಅಡ್ಡಸಾಲಿನಲ್ಲಿ, ಒಂದೇ ಕಂಬಸಾಲಿನಲ್ಲಿ ಅಥವಾ ಒಂದೇ ಕರ್ಣದಲ್ಲಿ ಬಾರದಂತೆ ಇಡಬೇಕು. ಉತ್ತರಗಳು 92. ವಿದ್ಯಾರ್ಥಿನಿಯರು ಬರೆದಿದ್ದ ಪ್ರೋಗ್ರಾಂನ ತಿರುಳು ಹೀಗಿತ್ತು.

```python
def place(r):
    global nodes, found
    nodes += 1
    if r == n:
        found += 1
        return
    for c in range(n):
        if col[c] or d1[r+c] or d2[r-c+n-1]:
            continue
        col[c] = d1[r+c] = d2[r-c+n-1] = True
        place(r+1)
        col[c] = d1[r+c] = d2[r-c+n-1] = False
```

ಇದರಲ್ಲಿ `nodes` ಎಂಬ ಎಣಿಕೆಯನ್ನು ನಾನು ಪ್ರತಿ ವರ್ಷವೂ ಕಡ್ಡಾಯ ಮಾಡುತ್ತೇನೆ. ಸಮಯವನ್ನು ಅಳೆದರೆ ಯಂತ್ರದ ವೇಗ, ಭಾಷೆ, ಅಚ್ಚು ಹಾಕುವ ಸಾಲುಗಳು ಎಲ್ಲವೂ ಅದರಲ್ಲಿ ಬೆರೆತುಹೋಗುತ್ತವೆ, ಆದರೆ ಹುಡುಕಾಟದ ಮರದಲ್ಲಿ ಎಷ್ಟು ನೋಡ್‌ಗಳನ್ನು ಮುಟ್ಟಿದೆವು ಎಂಬ ಸಂಖ್ಯೆ ಯಾವ ಯಂತ್ರದಲ್ಲೂ ಒಂದೇ ಆಗಿರುತ್ತದೆ. n = 4 ಇದ್ದಾಗ ಅದು 17 ಬರಬೇಕು, n = 8 ಇದ್ದಾಗ 2,057 ಬರಬೇಕು. ಬೇರೆ ಸಂಖ್ಯೆ ಬಂದರೆ, 92 ಸರಿಯಾಗಿ ಬಂದಿದ್ದರೂ, ಪರೀಕ್ಷೆ ಎಲ್ಲೋ ತಡವಾಗಿ ನಡೆಯುತ್ತಿದೆ ಎಂದೇ ತಿಳಿಯಬೇಕು.

2,057 ಎಂಬುದು ದೊಡ್ಡದೋ ಚಿಕ್ಕದೋ ಎಂದು ಅರಿಯಲು ನಾವು ಅದೇ ಪ್ರೋಗ್ರಾಂನ ಇನ್ನೆರಡು ರೂಪಗಳನ್ನು ಓಡಿಸಿದೆವು. ಮೊದಲ ರೂಪದಲ್ಲಿ `continue` ಇರುವ ಪರೀಕ್ಷೆಯನ್ನು ತೆಗೆದುಹಾಕಿ, ಎಂಟೂ ರಾಣಿಗಳನ್ನು ಸಾಲಿಗೊಂದರಂತೆ ಇಟ್ಟಾದ ಮೇಲೆ ಕೊನೆಯಲ್ಲಿ ಮಾತ್ರ ತಾಳೆ ನೋಡುವಂತೆ ಬದಲಿಸಿದೆವು. ಆಗ ಪ್ರತಿ ನೋಡ್‌ನಿಂದಲೂ ಎಂಟು ಕೊಂಬೆಗಳು ಹೊರಡುತ್ತವೆ, ಒಟ್ಟು ನೋಡ್‌ಗಳು 1,91,73,961. ಎರಡನೆಯ ರೂಪದಲ್ಲಿ ಕಂಬಸಾಲಿನ ಪರೀಕ್ಷೆಯನ್ನಷ್ಟೇ ದಾರಿಯಲ್ಲಿ ಇಟ್ಟು, ಕರ್ಣದ ಪರೀಕ್ಷೆಯನ್ನು ಕೊನೆಗೆ ತಳ್ಳಿದೆವು. ನೋಡ್‌ಗಳು 1,09,601ಕ್ಕೆ ಇಳಿದವು. ಎರಡೂ ಪರೀಕ್ಷೆಗಳನ್ನು ದಾರಿಯಲ್ಲೇ ಮಾಡುವ ಮೇಲಿನ ರೂಪದಲ್ಲಿ 2,057. ಮೂರರಲ್ಲಿಯೂ ಉತ್ತರಗಳು 92, ಮೂರರಲ್ಲಿಯೂ ಹಿಂದಕ್ಕೆ ಬರುವ ಕ್ರಮ ಒಂದೇ. ವ್ಯತ್ಯಾಸ ಇರುವುದು ಅಸಾಧ್ಯವಾದ ಕೊಂಬೆಯನ್ನು ಯಾವ ಎತ್ತರದಲ್ಲಿ ಸವರುತ್ತೇವೆ ಎಂಬುದರಲ್ಲಿ ಮಾತ್ರ. ಇಂಗ್ಲಿಷಿನ ಪ್ರೂನಿಂಗ್ ಎಂಬ ಮಾತಿಗೆ ನಾನು ತರಗತಿಯಲ್ಲಿ ಸವರುವುದು ಎಂದೇ ಹೇಳುತ್ತೇನೆ, ಏಕೆಂದರೆ ತೋಟದಲ್ಲಿ ಕೊಂಬೆ ಸವರುವುದನ್ನು ನೋಡಿದವರಿಗೆ ಬುಡದ ಹತ್ತಿರ ಹಾಕಿದ ಒಂದು ಪೆಟ್ಟಿಗೂ ತುದಿಯಲ್ಲಿ ಹಾಕಿದ ಪೆಟ್ಟಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಈ ಅಂತರವನ್ನು ಲೆಕ್ಕದಲ್ಲಿಯೂ ನೋಡಬಹುದು. ಕಂಬಸಾಲನ್ನು ಮಾತ್ರ ನೋಡಿದರೆ ಮೊದಲ ಎರಡು ರಾಣಿಗಳನ್ನು 56 ರೀತಿಯಲ್ಲಿ ಇಡಬಹುದು. ಕರ್ಣವನ್ನೂ ನೋಡಿದರೆ 42 ಉಳಿಯುತ್ತವೆ, ಅಂದರೆ ಎರಡನೆಯ ಹಂತದಲ್ಲಿ ನಾವು ಸವರಿದ್ದು 14 ಕೊಂಬೆಗಳನ್ನು ಮಾತ್ರ. ಆದರೆ ಅಂಥ ಪ್ರತಿಯೊಂದು ಕೊಂಬೆಯ ಕೆಳಗೆ ಉಳಿದ ಆರು ರಾಣಿಗಳ 720 ಕ್ರಮಯೋಜನೆಗಳು ತೂಗಾಡುತ್ತಿದ್ದವು, ಹಾಗಾಗಿ 14 ಪರೀಕ್ಷೆಗಳು 10,080 ಎಲೆಗಳನ್ನು, ಅಂದರೆ 40,320ರಲ್ಲಿ ಸರಿಯಾಗಿ ಕಾಲು ಭಾಗವನ್ನು, ಒಮ್ಮೆಲೇ ಉದುರಿಸಿದವು. ಹಂತ ಹಂತವಾಗಿ ನೋಡ್‌ಗಳನ್ನು ಎಣಿಸಿದರೆ 1, 8, 42, 140, 344, 568, 550, 312, 92 ಎಂದು ಬರುತ್ತದೆ. ಮರ ಮಧ್ಯದಲ್ಲಿ ಉಬ್ಬಿ, ಐದನೆಯ ರಾಣಿಯ ನಂತರ ಸೊರಗುತ್ತದೆ. ಕಂಬಸಾಲನ್ನು ಮಾತ್ರ ನೋಡುವ ಮರ ಹೀಗೆ ಸೊರಗುವುದೇ ಇಲ್ಲ, ಅದು ಕೊನೆಯವರೆಗೂ ಅಗಲವಾಗುತ್ತಾ ಹೋಗಿ 40,320ಕ್ಕೆ ನಿಲ್ಲುತ್ತದೆ. ಒಂದು ಹುಡುಕಾಟ ಆರೋಗ್ಯವಾಗಿದೆಯೇ ಎಂದು ತಿಳಿಯಲು ಈ ಹಂತವಾರು ಎಣಿಕೆಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ರಾಣಿಗಳಲ್ಲಿ ಒಂದು ಅನುಕೂಲ ತಾನಾಗಿಯೇ ಒದಗುತ್ತದೆ. ಯಾವ ರಾಣಿಯನ್ನು ಎಲ್ಲಿ ಇಟ್ಟರೂ ಅದು ತನ್ನ ಕೆಳಗಿನ ಎಲ್ಲ ಸಾಲುಗಳಲ್ಲಿ ಒಂದರಿಂದ ಮೂರು ಮನೆಗಳನ್ನು ಹೊಡೆಯುತ್ತದೆ, ಆದ್ದರಿಂದ ಮುಂದಿನ ಸಾಲಿಗೆ ಹೋದ ಕೂಡಲೇ ಹಿಂದಿನ ತಪ್ಪಿನ ಪರಿಣಾಮ ಕಾಣತೊಡಗುತ್ತದೆ. ಸುಡೊಕುವಿನಲ್ಲಿ ಹಾಗಿಲ್ಲ. ಅಲ್ಲಿ ಒಂದು ಮನೆಯಲ್ಲಿ ಮಾಡಿದ ತಪ್ಪು ಬೇರೆಲ್ಲೋ ಬಹಳ ದೂರದ ಮೂಲೆಯಲ್ಲಿ ವಿರೋಧವಾಗಿ ಬೆಳೆದಿರಬಹುದು, ಮತ್ತು ಸಾಲಾಗಿ ತುಂಬುತ್ತಾ ಹೋಗುವ ಪ್ರೋಗ್ರಾಂ ಆ ಮೂಲೆಗೆ ತಲುಪುವವರೆಗೆ ಅದನ್ನು ಅರಿಯುವುದಿಲ್ಲ.

ಇನ್ನು ಸಮಸ್ಯೆಗೆ ಮರಳೋಣ. ಮನೆಗಳನ್ನು (ಅಡ್ಡಸಾಲು, ಕಂಬಸಾಲು) ಎಂದು ಸೂಚಿಸುತ್ತೇನೆ, 3×3 ಚೌಕಗಳನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ 1ರಿಂದ 9 ಎಂದು ಎಣಿಸುತ್ತೇನೆ. ವಿದ್ಯಾರ್ಥಿನಿಯರ ಪ್ರೋಗ್ರಾಂ ಮೊದಲ ಖಾಲಿ ಮನೆಯಿಂದ ಶುರುಮಾಡಿ, ಅಲ್ಲಿ 1ರಿಂದ 9ರವರೆಗೆ ಏರುವ ಕ್ರಮದಲ್ಲಿ ಅಂಕೆಗಳನ್ನು ಇಟ್ಟು ನೋಡಿ, ಸಾಲು, ಕಂಬಸಾಲು ಮತ್ತು ಚೌಕದಲ್ಲಿ ಘರ್ಷಣೆ ಇಲ್ಲದಿದ್ದರೆ ಮುಂದಿನ ಖಾಲಿ ಮನೆಗೆ ಹೋಗುತ್ತಿತ್ತು. (1,1)ರ ಕಂಬಸಾಲಿನಲ್ಲಿ 5 ಇದೆ, ಅದರ ಚೌಕದಲ್ಲಿ 1 ಇದೆ, ಸಾಲು ಖಾಲಿ. ಹಾಗಾಗಿ ಅಲ್ಲಿಗೆ 2, 3, 4, 6, 7, 8, 9 ಎಂಬ ಏಳು ಅಂಕೆಗಳು ಸಲ್ಲುತ್ತವೆ. ಸರಿಯಾದದ್ದು 9, ಅದು ಎಲ್ಲಕ್ಕಿಂತ ಕೊನೆಯದು. ಅಂದರೆ ಆರು ತಪ್ಪು ಉಪಮರಗಳನ್ನು ತಳದವರೆಗೆ ಮುಗಿಸಿದ ಮೇಲೆಯೇ 9ರ ಸರದಿ. ಅದಾದ ಮೇಲೆ (1,2)ರಲ್ಲಿಯೂ ಇದೇ ಕತೆ, ಏಕೆಂದರೆ ಉತ್ತರದ ಸಾಲು ಇಳಿಯುವ ಕ್ರಮದಲ್ಲಿ ಇರುವುದರಿಂದ ಪ್ರತಿ ಮನೆಯಲ್ಲಿಯೂ ಸರಿಯಾದ ಅಂಕೆ ಉಳಿದವುಗಳಲ್ಲೆಲ್ಲ ದೊಡ್ಡದು, ಆದ್ದರಿಂದ ಕೊನೆಗೆ ಬರುವಂಥದು. ಸಾಲಿನ ಎಲ್ಲ ಕ್ರಮಯೋಜನೆಗಳನ್ನು ಏರುವ ಕ್ರಮದಲ್ಲಿ ಬರೆದರೆ ಅವುಗಳ ಪೈಕಿ 987654321 ಕಟ್ಟಕಡೆಯದು. ಈ ಸಮಸ್ಯೆಯನ್ನು ಸಾಲಾಗಿ ತುಂಬುವ ಪ್ರೋಗ್ರಾಂಗಳನ್ನು ಸೋಲಿಸಲೆಂದೇ ರಚಿಸಲಾಗಿದೆ.

ಇದನ್ನು ತಿಳಿದ ಕೂಡಲೇ ವಿದ್ಯಾರ್ಥಿನಿಯರು ಒಂದು ಪರಿಹಾರ ಹೇಳಿದರು: ಅಂಕೆಗಳನ್ನು 9ರಿಂದ 1ಕ್ಕೆ ಇಳಿಯುವ ಕ್ರಮದಲ್ಲಿ ಪ್ರಯತ್ನಿಸಿದರಾಯಿತಲ್ಲವೇ? ಹಾಗೆ ಮಾಡಿದರೆ ಈ ಸಮಸ್ಯೆಯ ಮೊದಲ ಸಾಲು ಎಡವದೆ ತುಂಬುತ್ತದೆ ಎಂಬುದು ನಿಜ. ಆದರೆ ಇದು ರೋಗವನ್ನು ಬೇರೆ ಮನೆಗೆ ಕಳಿಸಿದಂತೆ. ಕೊಟ್ಟಿರುವ ಪ್ರತಿ ಅಂಕೆ d ಯನ್ನು 10 − d ಎಂದು ಬದಲಿಸಿ ಹೊಸ ಸಮಸ್ಯೆ ಬರೆದರೆ, ಇಳಿಯುವ ಕ್ರಮದ ಪ್ರೋಗ್ರಾಂ ಅದರ ಮೇಲೆ ಇಡುವ ಹೆಜ್ಜೆಗಳು, ಏರುವ ಕ್ರಮದ ಪ್ರೋಗ್ರಾಂ ಮೂಲ ಸಮಸ್ಯೆಯ ಮೇಲೆ ಇಟ್ಟ ಹೆಜ್ಜೆಗಳಿಗೆ ಒಂದೊಂದಾಗಿ ಸರಿಹೊಂದುತ್ತವೆ, ನೋಡ್‌ಗಳ ಎಣಿಕೆಯಲ್ಲಿ ಒಂದೂ ಹೆಚ್ಚುಕಡಿಮೆ ಇಲ್ಲದೆ. ಇದನ್ನು ಬಾಯಲ್ಲಿ ಹೇಳಿ ಬಿಡದೆ ಅವರೇ ಹೊಸ ಸಮಸ್ಯೆಯನ್ನು ಬರೆದು ಓಡಿಸಿ ನೋಡಲಿ ಎಂದೆ. ಅದು ಮೊದಲಿನಂತೆಯೇ ನಿಂತಂತೆ ಕಂಡಿತು. ಅಂಕೆಗಳ ಕ್ರಮವನ್ನು ಬದಲಿಸುವುದು ಸವರುವುದಲ್ಲ. ಅದು ಮರದ ಕೊಂಬೆಗಳನ್ನು ಎಡಬಲ ಮಾಡುತ್ತದೆಯೇ ಹೊರತು ಒಂದನ್ನೂ ಕಡಿಮೆ ಮಾಡುವುದಿಲ್ಲ.

ಹಾಗಾದರೆ ಸವರಬಹುದಾದ ಕೊಂಬೆ ಎಲ್ಲಿದೆ? ಪ್ರೋಗ್ರಾಂ ಬದಿಗಿಟ್ಟು, ಕಾಗದದ ಮೇಲೆ 1 ಎಂಬ ಒಂದೇ ಅಂಕೆಯನ್ನು ಹಿಡಿದು ನೋಡಿದೆವು. ಕೊಟ್ಟಿರುವ 1ಗಳು ಮೂರು: (3,3), (5,7), (8,5). ಒಂಬತ್ತನೆಯ ಚೌಕದಲ್ಲಿ 1 ಎಲ್ಲಿ ಬರಬಹುದು? 8ನೇ ಸಾಲಿನಲ್ಲಿ ಆಗಲೇ 1 ಇದೆ, 7ನೇ ಕಂಬಸಾಲಿನಲ್ಲಿಯೂ ಇದೆ, (7,8), (7,9), (9,9) ಈ ಮೂರು ಮನೆಗಳು ತುಂಬಿವೆ. ಉಳಿಯುವುದು (9,8) ಒಂದೇ. ಆ ಮನೆಯನ್ನು ತನ್ನಷ್ಟಕ್ಕೆ ನೋಡಿದರೆ ಅಲ್ಲಿ 1, 2, 5, 6 ನಾಲ್ಕೂ ಸಲ್ಲುತ್ತವೆ, ಆದರೆ ಚೌಕದ ಕಡೆಯಿಂದ ನೋಡಿದರೆ 1ಕ್ಕೆ ಬೇರೆ ಜಾಗವೇ ಇಲ್ಲ. ಅಲ್ಲಿ 1 ಇಟ್ಟ ಮೇಲೆ 7ನೇ ಸಾಲಿನ 1ಕ್ಕೆ (7,2) ಮಾತ್ರ ಉಳಿಯುತ್ತದೆ, ಏಕೆಂದರೆ ಎಂಟನೆಯ ಮತ್ತು ಒಂಬತ್ತನೆಯ ಚೌಕಗಳಲ್ಲಿ 1 ಬಂದಾಗಿದೆ ಮತ್ತು 3ನೇ ಕಂಬಸಾಲಿನಲ್ಲಿ ಇದೆ. ಮೂರನೆಯ ಚೌಕದಲ್ಲಿ 7 ಮತ್ತು 8ನೇ ಕಂಬಸಾಲುಗಳು, 3ನೇ ಅಡ್ಡಸಾಲು ಎಲ್ಲವೂ ಮುಚ್ಚಿಹೋಗಿ 1ಕ್ಕೆ (1,9) ಮಾತ್ರ ಸಿಗುತ್ತದೆ. ಅಲ್ಲಿಂದ ಎರಡನೆಯ ಚೌಕದಲ್ಲಿ (2,4), ಐದನೆಯ ಚೌಕದಲ್ಲಿ (6,6), ನಾಲ್ಕನೆಯ ಚೌಕದಲ್ಲಿ (4,1). ಒಂದೇ ಒಂದು ಊಹೆಯನ್ನೂ ಮಾಡದೆ ಒಂಬತ್ತೂ 1ಗಳು ತಮ್ಮ ತಮ್ಮ ಮನೆ ಸೇರಿದವು. ಸರಪಳಿ ಅಲ್ಲಿಗೆ ನಿಲ್ಲುವುದೂ ಇಲ್ಲ: (7,2) ತುಂಬಿದ ಕಾರಣ 7ನೇ ಸಾಲಿನ 4ಕ್ಕೆ (7,7) ಒಂದೇ ಉಳಿಯುತ್ತದೆ.

ಈಗ ಹಳೆಯ ಪ್ರೋಗ್ರಾಂ ಏನು ಮಾಡುತ್ತಿತ್ತು ಎಂದು ಇದೇ ಬೆಳಕಿನಲ್ಲಿ ನೋಡಿ. ಅದು (1,8)ರಲ್ಲಿ 1 ಇಟ್ಟಿತು ಎಂದುಕೊಳ್ಳೋಣ. ಆ ಕ್ಷಣವೇ (9,8)ರಲ್ಲಿ 1 ಬರಲಾರದು, ಒಂಬತ್ತನೆಯ ಚೌಕಕ್ಕೆ 1 ಸಿಗಲಾರದು, ಅಂದರೆ ಆ ಕೊಂಬೆ ಸತ್ತಿದೆ. ಆದರೆ ಪ್ರೋಗ್ರಾಂ ತಾನು ತುಂಬುತ್ತಿರುವ ಮನೆಯನ್ನು ಬಿಟ್ಟು ಬೇರೆಲ್ಲಿಯೂ ನೋಡುವುದಿಲ್ಲ. ಅದು ಎರಡನೆಯ ಸಾಲು, ಮೂರನೆಯ ಸಾಲು ಎಂದು ಕೆಳಗಿಳಿಯುತ್ತದೆ, ಬೇರೆ ಬೇರೆ ಕಾರಣಗಳಿಗೆ ಎಡವಿ ಹಿಂದಕ್ಕೆ ಬಂದು ಮತ್ತೆ ಇಳಿಯುತ್ತದೆ, ಮತ್ತು ಈ ನಿಜವಾದ ಕಾರಣವನ್ನು ಕೊನೆಯ ಸಾಲುಗಳಿಗೆ ತಲುಪುವವರೆಗೆ ಕಾಣುವುದಿಲ್ಲ. ಕಂಡಾಗಲೂ ಅದು ಒಂದೇ ಒಂದು ಹೆಜ್ಜೆ ಹಿಂದಕ್ಕೆ ಬರುತ್ತದೆ, ತಪ್ಪು ಆದದ್ದು ಮೊದಲ ಸಾಲಿನಲ್ಲಿ ಎಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಒಂದೇ ಸಾವನ್ನು ಅದು ಎಣಿಸಲಾಗದಷ್ಟು ಬಾರಿ ಹೊಸದಾಗಿ ಕಂಡುಹಿಡಿಯುತ್ತದೆ. ಕಷ್ಟವಿದ್ದುದು ಹಿಂದಕ್ಕೆ ಬರುವುದರಲ್ಲಿ ಅಲ್ಲ, ಮುಂದಕ್ಕೆ ನೋಡದೇ ಇರುವುದರಲ್ಲಿ.

ತಿದ್ದುಪಡಿಯನ್ನು ಎರಡು ಹೆಜ್ಜೆಗಳಲ್ಲಿ ಮಾಡಿಸಿದೆ. ಮೊದಲನೆಯದಾಗಿ, ಪ್ರತಿ ಖಾಲಿ ಮನೆಗೂ ಅಲ್ಲಿ ಸಲ್ಲುವ ಅಂಕೆಗಳ ಗಣವನ್ನು ಇಟ್ಟುಕೊಂಡು, ಒಂದು ಅಂಕೆ ಇಟ್ಟ ಕೂಡಲೇ ಅದನ್ನು ಅದೇ ಸಾಲು, ಕಂಬಸಾಲು, ಚೌಕದ ಮನೆಗಳ ಗಣಗಳಿಂದ ಅಳಿಸುವುದು, ಮತ್ತು ಮುಂದೆ ತುಂಬಬೇಕಾದ ಮನೆಯನ್ನು ಸಾಲಿನ ಕ್ರಮದಲ್ಲಿ ಅಲ್ಲದೆ ಅತಿ ಚಿಕ್ಕ ಗಣವಿರುವುದನ್ನು ನೋಡಿ ಆರಿಸುವುದು.

```python
def pick():
    empty = (k for k in range(81) if grid[k] == 0)
    return min(empty, key=lambda k: len(cand[k]))
```

ಯಾವುದಾದರೂ ಮನೆಯ ಗಣ ಬರಿದಾದರೆ `pick()` ಅದನ್ನೇ ಆರಿಸುತ್ತದೆ, ಅದರ ಲೂಪ್ ಒಮ್ಮೆಯೂ ತಿರುಗದೆ ಫಂಕ್ಷನ್ ಹಿಂದಿರುಗುತ್ತದೆ, ಹೀಗೆ ಸತ್ತ ಕೊಂಬೆಯನ್ನು ಗುರುತಿಸಲು ಬೇರೆ ಸಾಲು ಬರೆಯಬೇಕಿಲ್ಲ. ಅತಿ ಕಡಿಮೆ ಆಯ್ಕೆಗಳಿರುವುದನ್ನು ಮೊದಲು ತೆಗೆದುಕೊಳ್ಳುವ ಈ ವಿಚಾರ ಹೊಸದಲ್ಲ, 1965ರಲ್ಲಿಯೇ ಸಾಲೊಮನ್ ಗೊಲೊಂಬ್ ಮತ್ತು ಲಿಯೊನಾರ್ಡ್ ಬಾಮರ್ಟ್ ಬ್ಯಾಕ್‌ಟ್ರ್ಯಾಕಿಂಗ್ ಕುರಿತ ಲೇಖನದಲ್ಲಿ ಇದನ್ನು ಹೇಳಿದ್ದರು. ನಮ್ಮ ಸಮಸ್ಯೆಯಲ್ಲಿ ಇದರ ಪರಿಣಾಮ ಮೊದಲ ಹೆಜ್ಜೆಯಲ್ಲೇ ಕಾಣುತ್ತದೆ. (1,1)ರಲ್ಲಿ ಏಳು ಆಯ್ಕೆಗಳಿದ್ದರೆ (2,3)ರಲ್ಲಿ 6, 7, 9 ಎಂಬ ಮೂರೇ ಇವೆ, (8,9)ರಲ್ಲಿ 4, 6, 8 ಮಾತ್ರ. ಬುಡದಲ್ಲೇ ಏಳರ ಬದಲು ಮೂರು ಕೊಂಬೆಗಳು.

ಎರಡನೆಯ ಹೆಜ್ಜೆ ಕಾಗದದ ಮೇಲೆ 1ರೊಂದಿಗೆ ಮಾಡಿದ್ದನ್ನು ಪ್ರೋಗ್ರಾಂಗೆ ಕಲಿಸುವುದು: ಒಂದು ಸಾಲಿನಲ್ಲಿ, ಕಂಬಸಾಲಿನಲ್ಲಿ ಅಥವಾ ಚೌಕದಲ್ಲಿ ಒಂದು ಅಂಕೆಗೆ ಒಂದೇ ಜಾಗ ಉಳಿದಿದ್ದರೆ ಅದನ್ನು ಊಹೆ ಇಲ್ಲದೆ ಇಡುವುದು, ಒಂದೂ ಜಾಗ ಉಳಿಯದಿದ್ದರೆ ಆ ಕೊಂಬೆಯನ್ನು ಅಲ್ಲಿಯೇ ಬಿಡುವುದು. ಮೊದಲ ಹೆಜ್ಜೆ ಇದ್ದರೂ ಇದು ಬೇಕು, ಏಕೆಂದರೆ ಶುರುವಿನಲ್ಲಿ ಈ ಸಮಸ್ಯೆಯ ಯಾವ ಮನೆಯ ಗಣದಲ್ಲಿಯೂ ಮೂರಕ್ಕಿಂತ ಕಡಿಮೆ ಅಂಕೆಗಳಿಲ್ಲ. ಮನೆಯ ಕಡೆಯಿಂದಷ್ಟೇ ನೋಡುವವನಿಗೆ ಇಲ್ಲಿ ಖಚಿತವಾದದ್ದು ಏನೂ ಕಾಣದು, ಅಂಕೆಯ ಕಡೆಯಿಂದ ನೋಡುವವನಿಗೆ ಆರು 1ಗಳು ಖಚಿತ. ಎರಡೂ ಸೇರಿದ ಮೇಲೆ ಪ್ರೋಗ್ರಾಂ ಆ ಸಮಸ್ಯೆಯನ್ನೂ, ಅಂಕೆ ತಿರುಗಿಸಿದ ಅದರ ಜೋಡಿಯನ್ನೂ ಕಾಯಿಸದೆ ಬಿಡಿಸಿತು.

ಆದರೆ ಅಲ್ಲಿಗೆ ತಲುಪುವ ಮೊದಲು ಎರಡು ದಿನ ಹೋದವು, ಮತ್ತು ಆ ಎರಡು ದಿನಗಳಲ್ಲಿ ಆದ ತಪ್ಪನ್ನು ನಾನು ಪ್ರತಿ ತಂಡದಲ್ಲಿಯೂ ಕಾಣುತ್ತಿರುವುದರಿಂದ ವಿವರವಾಗಿ ಹೇಳಬೇಕು. ಮೊದಲ ದಿನ ಪ್ರೋಗ್ರಾಂ, ಉತ್ತರವಿದ್ದ ಸಮಸ್ಯೆಗೆ ಉತ್ತರವಿಲ್ಲ ಎಂದಿತು. ಅಂಕೆಯನ್ನು ಮನೆಯಿಂದ ತೆಗೆಯುವಾಗ, ಅದು ಇತರ ಗಣಗಳಿಂದ ಅಳಿಸಿದ್ದನ್ನು ಮರಳಿಸಿರಲಿಲ್ಲ. ತಪ್ಪು ಊಹೆಗಳ ಗುರುತು ಗಣಗಳಲ್ಲಿ ಉಳಿಯುತ್ತಾ ಹೋಗಿ ಕೊನೆಗೆ ಎಲ್ಲವೂ ಬರಿದಾಗಿದ್ದವು. ಇದನ್ನು ಸರಿಪಡಿಸಲು ಅವರು, ಅಂಕೆಯನ್ನು ತೆಗೆಯುವಾಗ ಅದನ್ನು ನೆರೆಯ ಎಲ್ಲ ಮನೆಗಳ ಗಣಕ್ಕೂ ಸೇರಿಸಿದರು. ಎರಡನೆಯ ದಿನ ಪ್ರೋಗ್ರಾಂ ಪೂರ್ತಿ ತುಂಬಿದ ಹಲಗೆಯನ್ನು ಕೊಟ್ಟಿತು, ಆದರೆ ಒಂದು ಕಂಬಸಾಲಿನಲ್ಲಿ ಒಂದೇ ಅಂಕೆ ಎರಡು ಕಡೆ ಇತ್ತು.

ಇದು ಹೇಗಾಗುತ್ತದೆ ಎಂದು ಮೂರು ಮನೆಗಳಲ್ಲಿ ತೋರಿಸಬಹುದು. (1,5)ರಲ್ಲಿ 6 ಇಟ್ಟಾಗ (5,5)ರ ಗಣದಿಂದ 6 ಹೋಯಿತು. ಮುಂದೆಂದೋ (5,1)ರಲ್ಲಿಯೂ 6 ಇಟ್ಟು ನೋಡಿ, ಕೂಡದೆ ತೆಗೆದೆವು. (5,5) ಅದರ ಸಾಲಿನಲ್ಲೇ ಇರುವುದರಿಂದ ಅವರ ಕೋಡ್ ಅಲ್ಲಿಗೆ 6 ಅನ್ನು ಮರಳಿ ಸೇರಿಸಿತು. ಆದರೆ (1,5)ರ 6 ಇನ್ನೂ ತನ್ನ ಜಾಗದಲ್ಲೇ ಇದೆ, (5,5)ರಲ್ಲಿ 6 ಬರಲಾಗದು. ಒಂದು ಅಂಕೆಯನ್ನು ಒಂದು ಮನೆಗೆ ನಿಷೇಧಿಸಲು ಒಂದಕ್ಕಿಂತ ಹೆಚ್ಚು ಕಾರಣಗಳಿರಬಹುದು, ಒಂದು ಕಾರಣ ಹೋದರೆ ನಿಷೇಧ ಹೋಗುವುದಿಲ್ಲ. ಆದ್ದರಿಂದ ಈ ಹೆಜ್ಜೆಯಲ್ಲಿ ನಿಜವಾಗಿ ಯಾವ ಮನೆಗಳ ಗಣದಿಂದ ಅಂಕೆ ಅಳಿಯಿತೋ ಆ ಮನೆಗಳ ಪಟ್ಟಿಯನ್ನು ಇಟ್ಟುಕೊಂಡು, ಹಿಂದಕ್ಕೆ ಬರುವಾಗ ಆ ಪಟ್ಟಿಯಲ್ಲಿರುವುದನ್ನಷ್ಟೇ ಮರಳಿಸಬೇಕು. ರಾಣಿಗಳ ಪ್ರೋಗ್ರಾಂನಲ್ಲಿ ಈ ತೊಂದರೆ ಏಕೆ ಬರಲಿಲ್ಲ ಎಂದು ಅವರು ಕೇಳಿದರು, ಕೇಳಲೇಬೇಕಾದ ಪ್ರಶ್ನೆ ಅದು. ಅಲ್ಲಿ `col`, `d1`, `d2` ಗುರುತು ಮಾಡುವುದು ಮನೆಗಳನ್ನಲ್ಲ, ರೇಖೆಗಳನ್ನು. ಒಂದು ಕಂಬಸಾಲು ಅಥವಾ ಒಂದು ಕರ್ಣದಲ್ಲಿ ಒಂದೇ ರಾಣಿ ಇರಲು ಸಾಧ್ಯ, ಆದ್ದರಿಂದ ಗುರುತು ಹಾಕಿದ್ದೂ ಅಳಿಸುವುದೂ ಅದೇ ರಾಣಿ. ಅದೇ ಪ್ರೋಗ್ರಾಂ ಅನ್ನು ಹೊಡೆತಕ್ಕೆ ಸಿಕ್ಕ ಮನೆಗಳ n×n ಹಲಗೆಯನ್ನಿಟ್ಟು ಬರೆದವರಿಗೆ ಅಲ್ಲಿಯೂ ಈ ತಪ್ಪು ಕಾದಿರುತ್ತದೆ.

ಸವರುವಿಕೆ ಸರಿಯಾಗಿದೆ ಎಂದು ನಂಬುವುದು ಯಾವಾಗ? ಉತ್ತರಗಳ ಸಂಖ್ಯೆ ಒಂದಿಷ್ಟೂ ಬದಲಾಗದೆ ನೋಡ್‌ಗಳ ಸಂಖ್ಯೆ ಮಾತ್ರ ಇಳಿದಾಗ. ಈ ತಾಳೆಗೆ ಸುಡೊಕುಗಿಂತ ರಾಣಿಗಳು ಅನುಕೂಲ, ಏಕೆಂದರೆ n = 4ರಿಂದ 8ರವರೆಗೆ ಉತ್ತರಗಳು 2, 10, 4, 40, 92 ಎಂದು ಎಲ್ಲರಿಗೂ ಗೊತ್ತಿದೆ. ಹಾಗಾಗಿ ಸುಡೊಕುವಿಗೆ ಬರೆದ ಗಣ ಅಳಿಸುವ ಮತ್ತು ಮರಳಿಸುವ ಫಂಕ್ಷನ್‌ಗಳನ್ನು ಮೊದಲು ರಾಣಿಗಳ ಮೇಲೆ ಓಡಿಸಿ ಈ ಐದು ಸಂಖ್ಯೆಗಳು ಬಂದ ಮೇಲೆಯೇ ಮುಂದಕ್ಕೆ ಹೋಗಿ ಎಂದು ಹೇಳತೊಡಗಿದ್ದೇನೆ. ಸುಡೊಕುವಿನಲ್ಲಿ ಮೊದಲ ಉತ್ತರ ಸಿಕ್ಕ ಕೂಡಲೇ ನಿಲ್ಲಿಸುವ ಅಭ್ಯಾಸವಿರುವುದರಿಂದ, ಒಂದು ಒಳ್ಳೆಯ ಕೊಂಬೆಯನ್ನು ತಪ್ಪಾಗಿ ಸವರಿದರೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಪ್ರತಿ ನೋಡ್‌ನಲ್ಲಿ ಹೆಚ್ಚು ಯೋಚಿಸುವುದಕ್ಕೆ ಬೆಲೆಯೂ ಇದೆ. ಎಂಟು ರಾಣಿಗಳ ಮರದಲ್ಲಿ ಇರುವುದೇ 2,057 ನೋಡ್‌ಗಳು, ಅಲ್ಲಿ ಗಣಗಳನ್ನು ಕಾಯುವ ಖರ್ಚು ಉಳಿತಾಯವನ್ನು ನುಂಗಬಹುದು. ಪತ್ರಿಕೆಯ ಸುಲಭ ಸಮಸ್ಯೆಗಳಲ್ಲಿಯೂ ಹಳೆಯ ಪ್ರೋಗ್ರಾಂ ಸಾಕಾಗುತ್ತಿತ್ತು. ಸವರುವಿಕೆ ಎಷ್ಟೇ ಚೆನ್ನಾಗಿದ್ದರೂ ಬೆಳವಣಿಗೆಯ ಸ್ವರೂಪವನ್ನು ಅದು ಬದಲಿಸುವುದಿಲ್ಲ: ಉತ್ತರಗಳೇ n = 10ಕ್ಕೆ 724, n = 12ಕ್ಕೆ 14,200 ಎಂದು ಏರುತ್ತವೆ, ಅವುಗಳನ್ನು ಒಂದೊಂದಾಗಿ ಎಣಿಸುವವರು ಅಷ್ಟು ಎಲೆಗಳನ್ನಾದರೂ ಮುಟ್ಟಲೇಬೇಕು. n = 27ರ ಎಣಿಕೆ ಮುಗಿದದ್ದು 2016ರಲ್ಲಿ, ಡ್ರೆಸ್ಡೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಅದಕ್ಕೆಂದೇ ಯಂತ್ರಾಂಶವನ್ನು ರೂಪಿಸಿ ದೀರ್ಘಕಾಲ ಓಡಿಸಿದ ಮೇಲೆ.

ಕೊನೆಗೆ ವಿದ್ಯಾರ್ಥಿನಿಯರು ತಾವಾಗಿಯೇ ಒಂದು ಸವರುವಿಕೆಯನ್ನು ಸೇರಿಸಿದರು. ಹಲಗೆಯನ್ನು ಕನ್ನಡಿಯಲ್ಲಿ ನೋಡಿದರೆ ಪ್ರತಿ ಉತ್ತರವೂ ಇನ್ನೊಂದು ಉತ್ತರವಾಗುತ್ತದೆ, ಆದ್ದರಿಂದ ಮೊದಲ ರಾಣಿಯನ್ನು ಎಡಗಡೆಯ ಅರ್ಧದಲ್ಲಿ ಮಾತ್ರ ಇಟ್ಟು ಎಣಿಕೆಯನ್ನು ಎರಡರಿಂದ ಗುಣಿಸಿದರೆ ಸಾಕು. n = 8ಕ್ಕೆ 46 ಉತ್ತರಗಳು ಸಿಕ್ಕಿ, ಗುಣಿಸಿದಾಗ 92 ಬಂತು, ನೋಡ್‌ಗಳು 1,029ಕ್ಕೆ ಇಳಿದವು. ಅವರು ಅದನ್ನೇ ರೆಕಾರ್ಡ್ ಪುಸ್ತಕದಲ್ಲಿ ಬರೆದು ತಂದರು. n = 5 ಹಾಕಿ ನೋಡಿ ಎಂದೆ. 10 ಬರಬೇಕಾದಲ್ಲಿ 8 ಬಂತು. ಬೆಸ ಸಂಖ್ಯೆಯ ಹಲಗೆಯಲ್ಲಿ ನಡುವಿನ ಕಂಬಸಾಲು ಯಾವ ಅರ್ಧಕ್ಕೂ ಸೇರುವುದಿಲ್ಲ, ಮೊದಲ ರಾಣಿ ಅಲ್ಲಿ ನಿಂತ ಎರಡು ಉತ್ತರಗಳು ಬಿಟ್ಟುಹೋಗಿದ್ದವು. ಮಧ್ಯದ ಕಂಬಸಾಲನ್ನೂ ಸೇರಿಸಿ ಎಲ್ಲವನ್ನೂ ಗುಣಿಸಿದಾಗ 12 ಬಂತು, ಅದನ್ನು ಬೇರೆಯಾಗಿ, ಗುಣಿಸದೆ ಎಣಿಸಿದಾಗ 10 ಬಂತು. ರೆಕಾರ್ಡ್‌ನಲ್ಲಿ ಅವರು ಆ ಮೂರೂ ಸಂಖ್ಯೆಗಳನ್ನು, ಹೊಡೆದುಹಾಕದೆ, ಒಂದರ ಕೆಳಗೊಂದು ಬರೆದಿದ್ದಾರೆ.